8 ಲಕ್ಷದ ಜಾಗಕ್ಕೆ ಈಗ ಕೋಟಿಗಟ್ಟಲೆ ಬೆಲೆ: ಲೆಕ್ಕಪತ್ರದಲ್ಲಿ ಯಾವುದನ್ನು ತೋರಿಸಬೇಕು?

ಪ್ರಶ್ನೆ: ವಿಜಯಪುರದ ಹೊರಗೆ ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇದೆ. ಅದರ ಒಂದು ಎಕರೆ ಜಾಗವನ್ನು 2004ರಲ್ಲಿ 8 ಲಕ್ಷಕ್ಕೆ ತಗೊಂಡಿದ್ವಿ. ಮೊನ್ನೆ ರಸ್ತೆಗೆ ಹತ್ತಿದ ಬೇರೆಯವರ 5 ಗುಂಟೆ ಜಾಗ, ಗುಂಟೆಗೆ 6 ಲಕ್ಷದಂತೆ ಮಾರಾಟ ಆಯ್ತು. ನಮ್ಮದು 2.40 ಕೋಟಿ ಆಯ್ತಲ್ವಾ? ಆಡಿಟರ್ ಇನ್ನೂ 8 ಲಕ್ಷವೇ ತೋರಿಸ್ತಾರೆ. ಏರಿಸಿದರೆ ಸಾಲ ಜಾಸ್ತಿ ಸಿಗುತ್ತಾ ಸರ್?

ಉತ್ತರ: ನಿಮ್ಮ ಆಡಿಟರ್ ಮಾಡಿದ್ದು ಸರಿ. ಆ 8 ಲಕ್ಷದಲ್ಲಿ ಮಾರಿದವರಿಗೆ ಕೊಟ್ಟ ಹಣ, ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಎಲ್ಲ ಸೇರಿರುತ್ತದೆ. ಖರೀದಿ ಪತ್ರ, ರಸೀದಿ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು. ಫೇರ್ ವ್ಯಾಲ್ಯೂ ಇವತ್ತಿನ ಬೆಲೆ. ಅವಸರವಿಲ್ಲದೆ ಮಾರುವವರು, ವಿಷಯ ತಿಳಿದು ಕೊಳ್ಳುವವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಕೂತು ಒಪ್ಪುವ ಬೆಲೆ ಅದು. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವೂ ಅದಲ್ಲ, ಕಷ್ಟಕ್ಕೆ ಮಾರಿದ ದರವೂ ಅದಲ್ಲ.

ಹಾಗಾಗಿ 6 ಲಕ್ಷವನ್ನು ಸುಮ್ನೆ 40 ಗುಂಟೆಗೆ ಗುಣಿಸಿದರೆ ಆಗಲ್ಲ. ಹೋಗಿದ್ದು ರಸ್ತೆಗೆ ಹತ್ತಿದ ಸಣ್ಣ ತುಂಡು. ನಿಮ್ಮದು ದೊಡ್ಡದು, ಒಟ್ಟಿಗೆ ಕೊಳ್ಳುವವರು ಕಡಿಮೆ. ಜಾಗ ಒಳಗಿದ್ದರೆ ಬೆಲೆ ಇನ್ನೂ ಇಳಿಯುತ್ತದೆ. ಎನ್ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗಿದೆಯಾ ಅನ್ನೋದನ್ನೂ ನೋಡಬೇಕು. ಇದಕ್ಕೆಲ್ಲ ಮೌಲ್ಯಮಾಪಕರು ಶೇ 25 ಕಡಿತ ಮಾಡಿದರು ಅಂದುಕೊಳ್ಳಿ. ಗುಂಟೆಗೆ 4.50 ಲಕ್ಷ, ಒಟ್ಟು 1.80 ಕೋಟಿ. ಆ ಶೇ 25 ಯಾಕೆ ಅನ್ನೋದಕ್ಕೆ ವರದಿಯಲ್ಲಿ ಕಾರಣ ಇಲ್ಲದಿದ್ದರೆ ಅಂಥ ವರದಿಯನ್ನು ನಂಬಬೇಡಿ.

ನಿಮ್ಮಂಥ ಸಣ್ಣ ಕಂಪನಿಗೆ ಎಎಸ್ 10 ಎಂಬ ಲೆಕ್ಕಪತ್ರ ಮಾನದಂಡ ಎರಡೂ ದಾರಿ ಕೊಡುತ್ತದೆ: ಖರೀದಿ ಬೆಲೆಯಲ್ಲೇ ಇಡುವುದು, ಇಲ್ಲವೇ ಫೇರ್ ವ್ಯಾಲ್ಯೂಗೆ ಏರಿಸುವ ಮರುಮೌಲ್ಯಮಾಪನ. ಮರುಮೌಲ್ಯಮಾಪನ ಆರಿಸಿದರೆ ವ್ಯವಹಾರಕ್ಕೆ ಬಳಸುವ ಎಲ್ಲ ಜಮೀನಿಗೂ ಮಾಡಬೇಕು, ಬೆಲೆ ಏರಿದ್ದನ್ನು ಮಾತ್ರ ಆರಿಸುವಂತಿಲ್ಲ. ಮುಂದೆ ಬೆಲೆ ಬದಲಾದಂತೆ ಮತ್ತೆ ಮತ್ತೆ ಮಾಡಿಸುತ್ತಲೂ ಇರಬೇಕು. ಹೂಡಿಕೆಗೆಂದು ಇಟ್ಟ ಖಾಲಿ ಸೈಟ್ ಇದ್ದರೆ ಅದು ಬೇರೆ, ಅದನ್ನು ಖರೀದಿ ಬೆಲೆಯಲ್ಲೇ ಇಡಬೇಕು.

ಹೆಚ್ಚಾದ 1.72 ಕೋಟಿ ಲಾಭಕ್ಕೆ ಸೇರುವುದಿಲ್ಲ, ಮರುಮೌಲ್ಯಮಾಪನ ಮೀಸಲಿಗೆ ಹೋಗುತ್ತದೆ. ಅದರಿಂದ ಡಿವಿಡೆಂಡ್ ಹಂಚುವಂತಿಲ್ಲ. ಮುಂದೆ ಜಾಗ ಮಾರಿದಾಗ ಬಂಡವಾಳ ಲಾಭದ ತೆರಿಗೆಯನ್ನೂ ಈ 1.80 ಕೋಟಿಯಿಂದ ಲೆಕ್ಕ ಹಾಕಲ್ಲ, ನೀವು ನಿಜವಾಗಿ ಕೊಟ್ಟ ಬೆಲೆಯಿಂದಲೇ ಹಾಕುತ್ತಾರೆ.

ಇನ್ನು ಸಾಲದ ಮಾತು. ಬ್ಯಾಂಕಿನವರು ನಿವ್ವಳ ಆಸ್ತಿ ಲೆಕ್ಕ ಹಾಕುವಾಗ ಈ ಮೀಸಲನ್ನು ಸಾಮಾನ್ಯವಾಗಿ ಕಳೆದೇ ನೋಡುತ್ತಾರೆ. ಅಡಮಾನಕ್ಕೆ ತಮ್ಮದೇ ಮೌಲ್ಯಮಾಪಕರನ್ನು ಕಳಿಸುತ್ತಾರೆ, ನಿಮ್ಮ ಪುಸ್ತಕದಲ್ಲಿ 8 ಲಕ್ಷ ಇದ್ದರೂ ಅಡ್ಡಿಯಿಲ್ಲ. ಸಾಲಕ್ಕಾಗಿಯೇ ಆದರೆ ಪುಸ್ತಕ ಮುಟ್ಟಬೇಡಿ. ಖರೀದಿ ಪತ್ರ, ಎನ್ಎ ಆದೇಶ, ನಕ್ಷೆ ಸಿದ್ಧ ಇಟ್ಟುಕೊಂಡು ಬ್ಯಾಂಕಿಗೆ ಹೋಗಿ.