ಒಂದೇ ಜಾಹೀರಾತು ಥಿಯೇಟರ್, ಟಿವಿ, ಮೊಬೈಲ್ ಮೂರಕ್ಕೂ ಹೊಂದಿಸೋದು ಹೇಗೆ?

"ಬೀದರ್‌ನಲ್ಲಿ ನಮ್ಮ ಬಿದ್ರಿ ಸಾಮಾನಿನ ಅಂಗಡಿಗೆ 40 ಸೆಕೆಂಡಿನ ಜಾಹೀರಾತು ಮಾಡಿಸ್ತಿದ್ದೀವಿ. ಥಿಯೇಟರ್, ಲೋಕಲ್ ಕೇಬಲ್, ಇನ್‌ಸ್ಟಾ ರೀಲ್ ಮೂರೂ ಕಡೆ ಓಡಬೇಕು. ಒಂದೇ ಶೂಟಿಂಗ್ ಸಾಕಾ? ಹೆಸರು, ಫೋನ್ ನಂಬರ್ ಕಟ್ ಆಗದ ಹಾಗೆ ಎಲ್ಲಿ ಇಡಬೇಕು?"

ಶೂಟಿಂಗ್ ಒಂದೇ ಸಾಕು. ಆದರೆ ಅಕ್ಷರಗಳನ್ನ ಮೂರು ಸಲ ಬೇರೆ ಬೇರೆಯಾಗಿ ಕೂರಿಸಬೇಕು. ನಾನು ಕಲಬುರಗಿಯಲ್ಲಿ ಎಡಿಟಿಂಗ್ ಮಾಡ್ತೀನಿ, ಅಂಗಡಿ ಜಾಹೀರಾತುಗಳೇ ಜಾಸ್ತಿ ಬರ್ತವೆ. ಹೆಚ್ಚಿನವರು ಹೆಸರು, ವಿಳಾಸ ಎಲ್ಲ ಸೇರಿಸಿ ಮುಗಿಸಿದ ಫೈಲ್ ತಂದು "ಇದನ್ನೇ ಸ್ವಲ್ಪ ಉದ್ದ ಮಾಡಿ ಮೊಬೈಲ್‌ಗೆ ಕೊಡ್ರಿ" ಅಂತಾರೆ. ಚಿತ್ರವನ್ನ ಕತ್ತರಿಸಬಹುದು, ಫೋನ್ ನಂಬರನ್ನ ಕತ್ತರಿಸೋಕೆ ಆಗಲ್ಲ. ಅದಕ್ಕೇ ನಿಮ್ಮ ಎಡಿಟರ್ ಹತ್ತಿರ ಮೊದಲು ಅಕ್ಷರವೇ ಇಲ್ಲದ ಒಂದು ಮಾಸ್ಟರ್ ಫೈಲ್ ಕೇಳಿ ಇಟ್ಟುಕೊಳ್ಳಿ.

ಈಗ ಲೆಕ್ಕ. ಕ್ಯಾಮೆರಾದಲ್ಲಿ 3840×2160, ಅಂದರೆ 4ಕೆ, 16:9ರಲ್ಲಿ ಶೂಟ್ ಮಾಡಿ. ಟಿವಿಗೆ ಅದನ್ನ ಅರ್ಧ ಮಾಡಿದರೆ 1920×1080 ಸಿಗುತ್ತೆ, ಏನೂ ಕಟ್ ಆಗಲ್ಲ. ಥಿಯೇಟರ್‌ಗೆ 'ಫ್ಲಾಟ್' ಅನ್ನೋ ಅಳತೆ ಇದೆ, 1998×1080. ನಿಮ್ಮ ಚಿತ್ರವನ್ನ ಅಗಲ 1998 ಆಗೋವರೆಗೆ ಹಿಗ್ಗಿಸಿದರೆ ಎತ್ತರ 1124ರಷ್ಟಾಗುತ್ತೆ. ಮೇಲೆ 22, ಕೆಳಗೆ 22 ಸಾಲು ಕತ್ತರಿಸಿದರೆ ಆಯ್ತು. ಒಂದೊಂದು ಕಡೆ ನೂರಕ್ಕೆ ಎರಡರಷ್ಟು ಅಷ್ಟೇ, ಯಾರಿಗೂ ಗೊತ್ತಾಗಲ್ಲ.

ಕಷ್ಟ ಇರೋದು ಮೊಬೈಲ್‌ನಲ್ಲಿ. 9:16ರ ನಿಂತ ಚಿತ್ರಕ್ಕೆ ನಿಮ್ಮ 3840ರ ಅಗಲದಲ್ಲಿ 1215 ಮಾತ್ರ ಬೇಕು. ಮೂರರಲ್ಲಿ ಎರಡು ಪಾಲು ಚಿತ್ರ ಹೊರಗೆ ಹೋಗುತ್ತೆ. ಉಳಿದ 1215×2160 ಪಟ್ಟಿಯನ್ನ ಸ್ವಲ್ಪ ಚಿಕ್ಕದು ಮಾಡಿದರೆ ರೀಲ್‌ಗೆ ಬೇಕಾದ 1080×1920 ಆಗುತ್ತೆ, ಚಿತ್ರ ಚೂಪಾಗೇ ಇರುತ್ತೆ. ಅದೇ 1920×1080ರಲ್ಲಿ ಶೂಟ್ ಮಾಡಿದ್ದರೆ ಪಟ್ಟಿಯ ಅಗಲ ಸುಮಾರು 608. ಅದನ್ನ ಎರಡು ಪಟ್ಟಿನ ಹತ್ತಿರ ಎಳೆಯಬೇಕಾಗುತ್ತೆ. ಕಪ್ಪು ಹೂದಾನಿ ಮೇಲಿನ ಸಣ್ಣ ಬೆಳ್ಳಿ ಎಳೆಗಳು ಆಗ ಮಸುಕಾಗಿ ಒಂದಕ್ಕೊಂದು ಕಲೆತುಹೋಗ್ತವೆ. ಬಿದ್ರಿ ಅಂಗಡಿಗೆ ಅದೇ ಹೋದರೆ ಇನ್ನೇನು ಉಳೀತು?

ಹಾಗಾಗಿ ಶೂಟಿಂಗ್ ದಿನವೇ ಆ ಪಟ್ಟಿ ಕಣ್ಣ ಮುಂದೆ ಇರಬೇಕು. ಕೆಲವು ಕ್ಯಾಮೆರಾಗಳಲ್ಲಿ 9:16ರ ಗೆರೆ ತೋರಿಸೋ ಮಾರ್ಕರ್ ಇರುತ್ತೆ. ಇಲ್ಲದಿದ್ದರೆ ಮಾನಿಟರ್ ಮೇಲೆ ಟೇಪ್ ಅಂಟಿಸಿ. 7 ಇಂಚಿನ ಮಾನಿಟರ್‌ನಲ್ಲಿ ಚಿತ್ರ ಸುಮಾರು 15.5 ಸೆಂ.ಮೀ. ಅಗಲ ಇರುತ್ತೆ, ನಡುವೆ 4.9 ಸೆಂ.ಮೀ. ಬಿಟ್ಟು ಎರಡು ಕಡೆ ಟೇಪ್. ಆಮೇಲೆ ನೋಡಿ, ಎಷ್ಟೋ ಶಾಟ್‌ಗಳು ತಾವೇ ಬದಲಾಗ್ತವೆ. ಗಿರಾಕಿ ಒಂದು ತುದಿ, ಅಂಗಡಿಯವರು ಇನ್ನೊಂದು ತುದಿ ಕೂತರೆ ಪಟ್ಟಿಯಲ್ಲಿ ಸಿಗೋದು ಕೌಂಟರ್ ಮಾತ್ರ. ಅವರನ್ನ ಅಕ್ಕಪಕ್ಕ ಕೂರಿಸೋ ಬದಲು ಹಿಂದೆ ಮುಂದೆ ನಿಲ್ಲಿಸಿ. ಮುಂದೆ ಕೈಯಲ್ಲಿ ಹೂದಾನಿ, ಅದರ ಹಿಂದೆ ಮುಖ. ಆಗ ಅಗಲ ಚಿತ್ರದಲ್ಲೂ ಚೆನ್ನ, ನಿಂತ ಚಿತ್ರದಲ್ಲೂ ಚೆನ್ನ.

ಕೆಲವು ಶಾಟ್ ಹಾಗೆ ಹೊಂದಲ್ಲ. ಮಹಮೂದ್ ಗವಾನ್ ಮದರಸಾ ತೆಗೀತೀರಿ ಅಂದ್ಕೊಳ್ಳಿ. ಅಲ್ಲಿ ಉಳಿದಿರೋ ಮಿನಾರ್ ಒಂದು ಪಕ್ಕಕ್ಕಿದೆ. ನಡು ಪಟ್ಟಿ ಕತ್ತರಿಸಿದರೆ ಮಿನಾರೇ ಇರಲ್ಲ. ಅಲ್ಲಿ ಎಡಿಟರ್ ಆ ಒಂದು ಶಾಟ್‌ಗೆ ಪಟ್ಟಿಯನ್ನ ಮಿನಾರ್ ಕಡೆ ಸರಿಸಬೇಕು. ನಿಂತ ಮಿನಾರ್ ಮೊಬೈಲ್‌ನಲ್ಲೇ ಜಾಸ್ತಿ ಚೆನ್ನಾಗಿ ಕಾಣುತ್ತೆ ಅನ್ನೋದು ನನ್ನ ಅಭಿಪ್ರಾಯ. ಕೋಟೆ ಗೋಡೆ ಹಾಗಲ್ಲ, ಎಲ್ಲಿಗೆ ಸರಿಸಿದರೂ ಬರೀ ಕಲ್ಲು. ಅದನ್ನ ರೀಲ್‌ನಿಂದ ತೆಗೆದೇ ಬಿಡಿ. ಅಗಲ ಚಿತ್ರವನ್ನ ನಡುವೆ ಇಟ್ಟು ಮೇಲೆ ಕೆಳಗೆ ಮಸುಕು ತುಂಬಿಸೋರೂ ಇದ್ದಾರೆ. ಹಾಗೆ ಮಾಡಿದರೆ ನಿಮ್ಮ ಸಾಮಾನು ಕಾಣೋದು ಪರದೆಯ ಮೂರನೇ ಒಂದು ಭಾಗದಲ್ಲಿ ಮಾತ್ರ.

ಇನ್ನು ಅಕ್ಷರ. ಟಿವಿಗಳು ಚಿತ್ರವನ್ನ ಸ್ವಲ್ಪ ಹಿಗ್ಗಿಸಿ ಅಂಚನ್ನ ಚೌಕಟ್ಟಿನ ಹೊರಗೆ ತಳ್ಳೋ ಅಭ್ಯಾಸ ಹಳೇ ಪಿಕ್ಚರ್ ಟ್ಯೂಬ್ ಕಾಲದ್ದು. ಈಗಿನ ಎಷ್ಟೋ ಸೆಟ್‌ಗಳಲ್ಲೂ ಅದು ಉಳಿದಿದೆ. ಅದಕ್ಕೇ ಎಚ್‌ಡಿಯಲ್ಲಿ ಅಕ್ಷರವನ್ನ ಪ್ರತಿ ಅಂಚಿನಿಂದ ನೂರಕ್ಕೆ 5ರಷ್ಟು ಒಳಗೆ ಇಡ್ತಾರೆ. 1920×1080ರಲ್ಲಿ ಎಡಬಲ 96, ಮೇಲೆ ಕೆಳಗೆ 54 ಪಿಕ್ಸೆಲ್. ಥಿಯೇಟರ್‌ನಲ್ಲೂ ಪರದೆಯ ಅಂಚಿನ ಕಪ್ಪು ಬಟ್ಟೆ ಸ್ವಲ್ಪ ನುಂಗುತ್ತೆ, ಇದೇ ಅಳತೆ ಅಲ್ಲೂ ಸಾಕು.

ಆದರೆ ನಿಮ್ಮದು ಲೋಕಲ್ ಕೇಬಲ್. ಮೂಲೆಯಲ್ಲಿ ಚಾನೆಲ್ ಲೋಗೋ, ಕೆಳಗೆ ಓಡೋ ಸ್ಕ್ರಾಲ್ ಇರುತ್ತೆ. ನಂಬರ್ ಅದರಡಿ ಸಿಕ್ಕಿಕೊಂಡರೆ ಹಣ ಹೋದ ಹಾಗೇ. ಒಂದು ಸಂಜೆ ಆ ಚಾನೆಲ್ ನೋಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಎಡಿಟರ್‌ಗೆ ಕಳಿಸಿ. ಸ್ಕ್ರಾಲ್‌ನ ಮೇಲ್ತುದಿಗಿಂತ ಮೇಲೆ ನಂಬರ್ ಬರಲಿ. ಇನ್ನೊಂದು ಕೇಳಿ: ಚಾನೆಲ್ ಎಚ್‌ಡಿನಾ, ಹಳೇ 4:3ನಾ? 4:3 ಆಗಿದ್ದು ಅವರು ಎಡಬಲ ಕತ್ತರಿಸಿದರೆ 1920ರಲ್ಲಿ ನಡುವಿನ 1440 ಮಾತ್ರ ಉಳಿಯುತ್ತೆ. ಅದರಲ್ಲೂ ಅಂಚು ಬಿಟ್ಟರೆ ಅಕ್ಷರಕ್ಕೆ 1296. ಉದ್ದದ ವಿಳಾಸ ಒಂದೇ ಸಾಲಲ್ಲಿ ಹಾಕಬೇಡಿ, ಎರಡು ಸಾಲು ಮಾಡಿ.

ಕನ್ನಡಕ್ಕೆ ಒಂದು ಹೆಚ್ಚಿನ ಎಚ್ಚರಿಕೆ ಬೇಕು. ಸಾಫ್ಟ್‌ವೇರ್‌ನಲ್ಲಿ ಈ ಅಂಚು ತೋರಿಸೋ ಸೇಫ್ ಗೆರೆ ಮೇಲೆ ಅಕ್ಷರ ಕೂರಿಸಿದಾಗ ಸಾಲಿನ ತಳ ಗೆರೆಗೆ ಸರಿಯಾಗಿರುತ್ತೆ, ಒತ್ತಕ್ಷರ ಗೆರೆಯ ಕೆಳಗೆ ಇಳಿದಿರುತ್ತೆ. "ಮುಖ್ಯರಸ್ತೆ" ಅಂತ ಬರೆದು ನೋಡಿ. ಗೆರೆಗೆ ತಾಗಬೇಕಾದ್ದು ಒತ್ತಿನ ತುದಿ.

ರೀಲ್‌ನಲ್ಲಿ ಅಂಚು ನುಂಗೋದು ಆ್ಯಪ್. ಕೆಳಗೆ ಖಾತೆ ಹೆಸರು, ಬರಹ, ಬಲಗಡೆ ಲೈಕ್, ಶೇರ್ ಗುಂಡಿಗಳು. 1920 ಎತ್ತರದಲ್ಲಿ ಮೇಲೆ 250ರಷ್ಟು, ಕೆಳಗೆ ಮೂರನೇ ಒಂದು ಭಾಗ ಖಾಲಿ ಬಿಡಿ. ಅಕ್ಷರಕ್ಕೆ ಉಳಿಯೋದು ನಡುವಿನ ಭಾಗ. ಈಗಿನ ಫೋನುಗಳು 20:9ರಷ್ಟು ಉದ್ದ, ಪರದೆ ತುಂಬಿಸೋಕೆ ಆ್ಯಪ್ ಚಿತ್ರ ಹಿಗ್ಗಿಸಿದರೆ ಎಡಬಲ 108 ಪಿಕ್ಸೆಲ್ ಹೋಗುತ್ತೆ. ಅಷ್ಟನ್ನೂ ಬಿಟ್ಟೇ ಬರೀರಿ. ಇದರೊಳಗೆ ಅಂಗಡಿ ಹೆಸರು, "ಚೌಬಾರ ಹತ್ತಿರ", ನಂಬರ್ ಮೂರು ಸಾಲು ಆರಾಮಾಗಿ ಕೂರ್ತವೆ. ಟಿವಿಯ ಪೂರ್ತಿ ವಿಳಾಸ ಕೂರಲ್ಲ, ಅದನ್ನ ರೀಲ್‌ನ ಕೆಳಗಿನ ಬರಹದಲ್ಲಿ ಹಾಕಿ.

ಥಿಯೇಟರ್‌ಗೆ ಫೈಲ್ ಮಾಡಿಸೋ ಮೊದಲು ಜಾಹೀರಾತು ತಗೊಳ್ಳೋರನ್ನ ಫ್ಲಾಟ್ ಬೇಕಾ, ಸ್ಕೋಪ್ ಬೇಕಾ ಅಂತ ಕೇಳಿ. ಸ್ಕೋಪ್ ಅಂದರೆ 2048×858, ನಿಮ್ಮ ಚಿತ್ರದ ಎತ್ತರದಲ್ಲಿ ನಾಲ್ಕರಲ್ಲೊಂದು ಪಾಲು ಹೋಗುತ್ತೆ. ತಲೆ ಕಟ್ ಆಗದ ಹಾಗೆ ಶಾಟ್ ಶಾಟ್‌ಗೂ ಮೇಲೆ ಕೆಳಗೆ ಸರಿಸಬೇಕು. ಸಿನಿಮಾ ಥರ ಕಾಣಲಿ ಅಂತ 16:9 ಫೈಲ್‌ನಲ್ಲೇ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಕೊಡೋದು ಬೇಡ. ಅದನ್ನ ಸ್ಕೋಪ್ ಪರದೆಯಲ್ಲಿ ಹಾಕಿದರೆ ನಾಲ್ಕೂ ಕಡೆ ಕಪ್ಪು, ನಡುವೆ ನಿಮ್ಮ ಅಂಗಡಿ ಪುಟ್ಟದಾಗಿ ಕಾಣುತ್ತೆ. ಕೊಟ್ಟ ಫೈಲ್‌ನಲ್ಲಿ ಕಪ್ಪು ಪಟ್ಟಿ ಇದೆಯಾ ಅಂತ ಗೊತ್ತಾಗಬೇಕಾದರೆ ಅದನ್ನ ಎಡಿಟರ್ ಹತ್ತಿರ ಬಿಳಿ ಹಿನ್ನೆಲೆ ಮೇಲಿಟ್ಟು ನೋಡಿ. ಕಪ್ಪು ಪ್ಲೇಯರ್‌ನಲ್ಲಿ ನೋಡಿದರೆ ಪಟ್ಟಿ ಕಾಣೋದೇ ಇಲ್ಲ.