‘ಇನ್‌ಕ್ಲೂಡಿಂಗ್’ ಎಂದ ಮೇಲೆ ಪಟ್ಟಿ ತೆರೆದಿದೆಯೇ, ಮುಚ್ಚಿದೆಯೇ?

ಪ್ರಶ್ನೆ: ನನ್ನ ಸೇವಾ ಒಪ್ಪಂದದ ಒಂದು ಕಲಮಿನಲ್ಲಿ, ‘ಕೆಲಸಕ್ಕಾಗಿ ತಗುಲಿದ ಸಮಂಜಸ ವೆಚ್ಚಗಳನ್ನು ಗ್ರಾಹಕರು ಭರಿಸಬೇಕು, ಇನ್‌ಕ್ಲೂಡಿಂಗ್ ಪ್ರಯಾಣ, ವಸತಿ ಮತ್ತು ಕೊರಿಯರ್’ ಎಂದಿದೆ. ದಾಖಲೆಗಳ ಭಾಷಾಂತರಕ್ಕೆ ಕೊಟ್ಟ ಹಣವನ್ನು ಕೇಳಿದರೆ ‘ಅದು ಪಟ್ಟಿಯಲ್ಲಿಲ್ಲ’ ಎನ್ನುತ್ತಿದ್ದಾರೆ. ‘ಇನ್‌ಕ್ಲೂಡಿಂಗ್ ವಿದೌಟ್ ಲಿಮಿಟೇಶನ್’ ಎಂದು ಬರೆಸಿಕೊಂಡಿದ್ದರೆ ಬಚಾವಾಗುತ್ತಿದ್ದೆನೇ?

ಉತ್ತರ: ಈಗಿರುವ ಪದಗಳಲ್ಲೇ ನಿಮ್ಮ ವಾದಕ್ಕೆ ಬಲವಿದೆ. ಆ ಎರಡು ಪದ ಸೇರಿದ್ದರೆ ಬಲ ಇನ್ನಷ್ಟು ಹೆಚ್ಚುತ್ತಿತ್ತು. ಆದರೆ ಬಚಾವಾಗುವುದು ಆ ಎರಡು ಪದಗಳಿಂದ ಎಂದು ನಂಬಬೇಡಿ. ಇಪ್ಪತ್ತು ವರ್ಷ ಕರಡು ತಿದ್ದಿದವನಾಗಿ ಹೇಳುತ್ತೇನೆ: ಪಟ್ಟಿಗಿಂತ ಮೊದಲು ಬರುವ ತಲೆಪದವೇ, ನಿಮ್ಮ ಕಲಮಿನಲ್ಲಿ ‘ಕೆಲಸಕ್ಕಾಗಿ ತಗುಲಿದ ಸಮಂಜಸ ವೆಚ್ಚ’ ಎಂಬುದೇ, ಹೆಚ್ಚಿನ ಕೆಲಸ ಮಾಡುತ್ತದೆ.

‘ಇನ್‌ಕ್ಲೂಡಿಂಗ್’ ಎಂಬುದಕ್ಕೆ ಸಾಮಾನ್ಯ ಅರ್ಥ ‘ಇವೂ ಸೇರಿ’ ಎಂದು. ಇವು ಮಾತ್ರ ಎಂದಲ್ಲ. 1941ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಫೆಡರಲ್ ಲ್ಯಾಂಡ್ ಬ್ಯಾಂಕ್ ಆಫ್ ಸೇಂಟ್ ಪಾಲ್ ಮತ್ತು ಬಿಸ್ಮಾರ್ಕ್ ಲಂಬರ್ ಕಂಪನಿಯ ಪ್ರಕರಣದಲ್ಲಿ, ಈ ಪದದ ನಂತರ ಬರುವುದು ಸಾಮಾನ್ಯ ತತ್ವಕ್ಕೆ ಕೊಟ್ಟ ಉದಾಹರಣೆ ಮಾತ್ರ ಎಂದಿತು. ಅಲ್ಲಿನ ದಿವಾಳಿ ಸಂಹಿತೆಯಂತೂ ಈ ಪದಕ್ಕೆ ಮಿತಿ ಹಾಕುವ ಅರ್ಥವಿಲ್ಲ ಎಂದು ಕಾನೂನಿನಲ್ಲೇ ಬರೆದುಬಿಟ್ಟಿದೆ. ಹಾಗಾದರೆ ‘ವಿದೌಟ್ ಲಿಮಿಟೇಶನ್’ ಎಂಬ ಬಾಲ ಏಕೆ ಬೇಕು? ಆ ಸಾಮಾನ್ಯ ಅರ್ಥ ಕೈಕೊಟ್ಟ ಪ್ರಕರಣಗಳೂ ಇವೆ.

1899ರಲ್ಲಿ ನ್ಯೂಜಿಲೆಂಡಿನಿಂದ ಬಂದ ಡಿಲ್‌ವರ್ತ್ ಪ್ರಕರಣದಲ್ಲಿ, ಆಗ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೊದಲು ಆ ಸಾಮಾನ್ಯ ಅರ್ಥವನ್ನೇ ಒಪ್ಪಿತು. ಆಮೇಲೆ, ಸಂದರ್ಭ ಒತ್ತಾಯಿಸಿದರೆ ‘ಇನ್‌ಕ್ಲೂಡ್’ ಎಂಬುದು ‘ಎಂದರೆ ಇಷ್ಟೇ’ ಎಂಬ ಅರ್ಥವನ್ನೂ ಕೊಡಬಹುದು ಎಂದು ಹೇಳಿ, ಆ ಪ್ರಕರಣದಲ್ಲಿ ಹಾಗೆಯೇ ಓದಿತು. ನಮ್ಮವರಿಗೆ ಇನ್ನೂ ಹತ್ತಿರದ ಪ್ರಕರಣ 1976ರದು: ಸೌತ್ ಗುಜರಾತ್ ರೂಫಿಂಗ್ ಟೈಲ್ಸ್ ತಯಾರಕರ ಸಂಘ ಮತ್ತು ಗುಜರಾತ್ ರಾಜ್ಯ. ಕನಿಷ್ಠ ವೇತನ ಕಾಯ್ದೆಯ ಅನುಸೂಚಿಗೆ ಸರ್ಕಾರ ಪಾಟರಿ ಉದ್ಯಮವನ್ನು ಸೇರಿಸಿತು. ಅದಕ್ಕೆ ಕೊಟ್ಟ ವಿವರಣೆಯಲ್ಲಿ, ಪಾಟರಿ ಉದ್ಯಮವು ಕೆಳಗಿನ ವಸ್ತುಗಳ ತಯಾರಿಕೆಯನ್ನು ‘ಇನ್‌ಕ್ಲೂಡ್ಸ್’ ಎಂದು ಹೇಳಿ, ಪಿಂಗಾಣಿ ಪಾತ್ರೆ, ಜಾಡಿ, ಆಟಿಕೆ ಎಂದೆಲ್ಲ ಪಟ್ಟಿ ಕೊಟ್ಟಿತ್ತು. ಪ್ರಶ್ನೆ ಎದ್ದದ್ದು ಮಂಗಳೂರು ಮಾದರಿಯ ಹೆಂಚಿನ ಬಗ್ಗೆ. ಹೆಂಚೂ ಸುಟ್ಟ ಮಣ್ಣೇ. ಅದು ಪಟ್ಟಿಯಲ್ಲಿರಲಿಲ್ಲ.

ನಮ್ಮ ಸುಪ್ರೀಂ ಕೋರ್ಟಿನ ತರ್ಕವನ್ನು ನಿಧಾನವಾಗಿ ಗಮನಿಸಿ. ಪಟ್ಟಿಯಲ್ಲಿದ್ದ ಜಾಡಿ, ಪಾತ್ರೆ ಎಲ್ಲವೂ ಯಾರೂ ಹೇಳದಿದ್ದರೂ ಪಾಟರಿಯೇ. ಸಂಶಯವಿದ್ದ ವಸ್ತುವನ್ನು ಒಳಗೆ ಎಳೆದುಕೊಳ್ಳಲು ‘ಇನ್‌ಕ್ಲೂಡ್ಸ್’ ಬಳಸಿದ್ದರೆ ಅದಕ್ಕೆ ಅರ್ಥವಿತ್ತು. ಸಂಶಯವೇ ಇಲ್ಲದವುಗಳನ್ನು ಒಂದೊಂದಾಗಿ ಎಣಿಸಿದ್ದರೆ, ಎಣಿಸಿದವನ ಉದ್ದೇಶ ಅಷ್ಟಕ್ಕೇ ನಿಲ್ಲಿಸುವುದಾಗಿರಬೇಕು. ಹಾಗಾಗಿ ಅಲ್ಲಿ ‘ಇನ್‌ಕ್ಲೂಡ್ಸ್’ ಎಂಬುದಕ್ಕೆ ‘ಎಂದರೆ ಇಷ್ಟೇ’ ಎಂದೇ ಅರ್ಥ. ಹೆಂಚು ಹೊರಗೆ ಉಳಿಯಿತು.

ಇದು ನಿಮಗೆ ಮುಖ್ಯ. ಪ್ರಯಾಣ, ವಸತಿ, ಕೊರಿಯರ್ ಮೂರೂ ಯಾರೂ ಹೇಳದೆಯೇ ‘ಕೆಲಸದ ವೆಚ್ಚ’ಗಳೇ. ನಿಮ್ಮ ಗ್ರಾಹಕರ ವಕೀಲರು ಚುರುಕಾಗಿದ್ದರೆ ಹೆಂಚಿನ ವಾದವನ್ನೇ ಎತ್ತುತ್ತಾರೆ. ಅದು ಕಾಯ್ದೆಯ ಅನುಸೂಚಿಯ ಮಾತು, ನಿಮ್ಮದು ಇಬ್ಬರು ಕೂತು ಬರೆದುಕೊಂಡ ಒಪ್ಪಂದ ಎಂಬುದು ನಿಮ್ಮ ಉತ್ತರ. ‘ವಿದೌಟ್ ಲಿಮಿಟೇಶನ್’ ಇದ್ದಿದ್ದರೆ ಆ ವಾದ ಎತ್ತುವುದೇ ಕಷ್ಟವಾಗುತ್ತಿತ್ತು. ಆ ಬಾಲದಿಂದ ಸಿಗುವ ಲಾಭ ಇದೇ.

ಈಗ ತಲೆಪದಕ್ಕೆ ಬರುತ್ತೇನೆ. ನೀವು ಮೂರು ಬಿಲ್ ಕಳುಹಿಸಿದ್ದೀರಿ ಎಂದುಕೊಳ್ಳಿ: ಭಾಷಾಂತರದ ಶುಲ್ಕ, ಈ ಕೆಲಸಕ್ಕೆಂದೇ ಬಾಡಿಗೆಗೆ ತಂದ ಸ್ಕ್ಯಾನರ್, ಮತ್ತು ನಿಮ್ಮ ಕಚೇರಿಯ ತಿಂಗಳ ಬಾಡಿಗೆಯ ಒಂದು ಪಾಲು. ಪಟ್ಟಿಯಲ್ಲಿ ಮೂರೂ ಇಲ್ಲ. ಮೊದಲ ಎರಡು ‘ಕೆಲಸಕ್ಕಾಗಿ ತಗುಲಿದವು’, ಹಾಗಾಗಿ ಒಳಗೆ. ಕಚೇರಿಯ ಬಾಡಿಗೆ ಈ ಕೆಲಸ ಬರದಿದ್ದರೂ ನೀವು ಕಟ್ಟುತ್ತಿದ್ದ ಹಣ. ‘ವಿದೌಟ್ ಲಿಮಿಟೇಶನ್’ ಎಂದು ಹತ್ತು ಸಲ ಬರೆದಿದ್ದರೂ ಅದು ಒಳಗೆ ಬರುವುದಿಲ್ಲ. ಆ ಪದಗಳು ಪಟ್ಟಿಯ ಬಾಗಿಲನ್ನು ತೆರೆದಿಡುತ್ತವೆ, ಮನೆಯ ಗೋಡೆಯನ್ನು ಹಿಗ್ಗಿಸುವುದಿಲ್ಲ.

ಎದುರಿನವರು ಇನ್ನೊಂದು ದಾರಿ ಹಿಡಿಯಬಹುದು. ಮೂರೂ ಓಡಾಟ, ಸಾಗಾಟಕ್ಕೆ ಸೇರಿದವು, ಆದ್ದರಿಂದ ಅದೇ ಜಾತಿಯ ವೆಚ್ಚ ಮಾತ್ರ ಸಲ್ಲುತ್ತದೆ ಎನ್ನಬಹುದು. ವಕೀಲರು ಇದನ್ನು ‘ಈಜುಸ್ಡೆಮ್ ಜೆನೆರಿಸ್’ ಎಂಬ ಲ್ಯಾಟಿನ್ ಹೆಸರಿನಿಂದ ಕರೆಯುತ್ತಾರೆ. ಈ ನಿಯಮದ ಮೂಲ ಜಾಗ ‘ಪ್ರಯಾಣ, ವಸತಿ, ಕೊರಿಯರ್ ಮತ್ತು ಇತರ ವೆಚ್ಚ’ ಎಂಬಂಥ ವಾಕ್ಯ, ಅಂದರೆ ಪಟ್ಟಿ ಮೊದಲು, ಸಾಮಾನ್ಯ ಪದ ಆಮೇಲೆ. ನಿಮ್ಮ ಕಲಮಿನಲ್ಲಿ ಸಾಮಾನ್ಯ ಪದ ಮೊದಲೇ ಬಂದಿರುವುದರಿಂದ ಆ ವಾದ ಸಪ್ಪೆ. ಸಪ್ಪೆ ಎಂದ ಮಾತ್ರಕ್ಕೆ ಯಾರೂ ಎತ್ತುವುದಿಲ್ಲ ಎಂದಲ್ಲ.

ಕನ್ನಡದಲ್ಲಿ ಕರಡು ಬರೆಯುವವರಿಗೆ ಒಂದು ಮಾತು. ‘ಪ್ರಯಾಣ, ವಸತಿ ಸೇರಿದಂತೆ ಎಲ್ಲ ವೆಚ್ಚ’ ಎಂದರೆ ಪಟ್ಟಿ ತೆರೆದಿದೆ ಎಂದು ಯಾರಿಗೂ ಅರ್ಥವಾಗುತ್ತದೆ. ‘ಎಲ್ಲ’ ಅಲ್ಲಿ ಕಾವಲು ನಿಂತಿದೆ. ‘ಪ್ರಯಾಣ, ವಸತಿ ಮುಂತಾದ ವೆಚ್ಚ’ ಎಂದರೂ ತೆರೆದದ್ದೇ, ಆದರೆ ಒಂದೇ ಜಾತಿಯವು ಎಂಬ ವಾಸನೆ ಅಂಟಿಕೊಳ್ಳುತ್ತದೆ. ‘ವೆಚ್ಚ, ಅಂದರೆ ಪ್ರಯಾಣ, ವಸತಿ’ ಎಂದರೆ ಬಾಗಿಲು ಹಾಕಿ ಬೀಗ ಜಡಿದಂತೆ. ಅನುವಾದಿಸುವಾಗ ಇವುಗಳನ್ನು ಅದಲುಬದಲು ಮಾಡಿದ ಒಪ್ಪಂದಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ನಾನೇ ಬಿದ್ದ ಗುಂಡಿಯೊಂದನ್ನೂ ಹೇಳಬೇಕು. ಒಂದು ಒಪ್ಪಂದದ ಗೋಪ್ಯತೆಯ ಕಲಮಿಗೆ, ಕಕ್ಷಿದಾರರ ಒತ್ತಾಯಕ್ಕೆ, ಕೊನೆಯ ದಿನ ‘ವಿದೌಟ್ ಲಿಮಿಟೇಶನ್’ ಸೇರಿಸಿದೆ. ಉಳಿದ ಆರು ಕಡೆ ಬರೀ ‘ಇನ್‌ಕ್ಲೂಡಿಂಗ್’ ಹಾಗೆಯೇ ಉಳಿಯಿತು. ಎರಡು ವರ್ಷದ ಮೇಲೆ ನಷ್ಟ ತುಂಬುವ ಕಲಮಿನ ಬಗ್ಗೆ ಜಗಳ ಬಂದಾಗ ಎದುರಿನ ವಕೀಲರು ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟರು. ‘ಮಿತಿಯಿಲ್ಲ ಎಂದು ಹೇಳುವುದು ನಿಮಗೆ ಗೊತ್ತಿತ್ತು. ಅಲ್ಲಿ ಹೇಳಿದಿರಿ, ಇಲ್ಲಿ ಹೇಳಲಿಲ್ಲ. ಹಾಗಾದರೆ ಇಲ್ಲಿ ಮಿತಿ ಬೇಕಿತ್ತು ಎಂದೇ ಅರ್ಥ.’ ನನ್ನ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಕೊನೆಗೆ ರಾಜಿಯಲ್ಲಿ ನಾವೇ ಹೆಚ್ಚು ಬಿಟ್ಟುಕೊಟ್ಟೆವು. ಅಂದಿನಿಂದ ಅರ್ಥವಿವರಣೆಯ ಕಲಮಿನಲ್ಲಿ ಒಂದೇ ಸಲ ‘ಈ ಒಪ್ಪಂದದಲ್ಲಿ ಇನ್‌ಕ್ಲೂಡಿಂಗ್ ಎಂದಿರುವಲ್ಲೆಲ್ಲ ಅದು ಮಿತಿಯನ್ನು ಹಾಕುವುದಿಲ್ಲ’ ಎಂದು ಬರೆದು, ಉಳಿದೆಡೆ ಬಾಲವನ್ನು ಕತ್ತರಿಸುತ್ತೇನೆ. ಹಾಗೆ ಮಾಡಿದ ಮೇಲೆ, ಮುಚ್ಚಿದ ಪಟ್ಟಿ ಬೇಕಾದ ಕಡೆ ‘ಇನ್‌ಕ್ಲೂಡಿಂಗ್’ ಎಂಬ ಪದವನ್ನೇ ಮುಟ್ಟದೆ ‘ಕೆಳಗಿನವು ಮಾತ್ರ’ ಎನ್ನಬೇಕು. ಅದನ್ನು ಮರೆಯುವವರೇ ಹೆಚ್ಚು.

ಹಾಗಾಗಿ ಗ್ರಾಹಕರಿಗೆ ಉತ್ತರ ಬರೆಯುವ ಮೊದಲು ನಿಮ್ಮ ಒಪ್ಪಂದದಲ್ಲಿ ‘ವಿದೌಟ್ ಲಿಮಿಟೇಶನ್’ ಬೇರೆಲ್ಲಾದರೂ ಇದೆಯೇ ಎಂದು ಹುಡುಕಿ. ಇದ್ದರೆ ಅವರೂ ಹುಡುಕುತ್ತಾರೆ, ಆ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಇಲ್ಲದಿದ್ದರೆ ಪಟ್ಟಿಯ ವಾದಕ್ಕೆ ಇಳಿಯಲೇಬೇಡಿ. ‘ಕೆಲಸಕ್ಕಾಗಿ ತಗುಲಿದ ಸಮಂಜಸ ವೆಚ್ಚ’ ಎಂಬ ಪದಗಳನ್ನು ಉಲ್ಲೇಖಿಸಿ, ಯಾವ ದಾಖಲೆಯನ್ನು, ಯಾವ ಹಂತದಲ್ಲಿ, ಏಕೆ ಭಾಷಾಂತರಿಸಬೇಕಾಯಿತು ಎಂಬುದನ್ನು ರಸೀದಿಯ ಜೊತೆ ಕಳುಹಿಸಿ.