ಮೂರು ಕೊಟೇಶನ್ ಅಲ್ಲ, ಮೂರು ಬೇರೆ ಕೆಲಸ

"ನಮ್ಮ ತೆಂಗು ಬೆಳೆಗಾರರ ಕಂಪನಿಗೆ ತಿಪಟೂರಿನಲ್ಲಿ ಹಳೇ ಕೊಬ್ಬರಿ ಗೋದಾಮಿನ ಮುಂದಿನ ಹಾಲ್ ಸಿಕ್ಕಿದೆ. 20ಕ್ಕೆ 30 ಅಡಿ, ಎತ್ತರ 10 ಅಡಿ, ಎರಡು ಬಾಗಿಲು, ನಾಲ್ಕು ಕಿಟಕಿ. ಆಫೀಸ್ ಮಾಡಬೇಕು. ಮೂರು ಜನ ಬಂದು ನೋಡಿ 4.10, 5.85, 7.40 ಲಕ್ಷ ಅಂತ ಕೊಟ್ಟಿದ್ದಾರೆ. ಕೊಟೇಶನ್, ಹಾಲ್ ಎರಡರ ಫೋಟೋನೂ ಹಾಕಿದ್ದೇನೆ. ಒಂದೇ ಜಾಗಕ್ಕೆ ಇಷ್ಟು ವ್ಯತ್ಯಾಸ ಯಾಕೆ? ಕಡಿಮೆಯವರಿಗೇ ಕೊಟ್ಟರೆ ಆಗುತ್ತಾ?"

ಸದ್ಯಕ್ಕೆ ಯಾರಿಗೂ ಕೊಡಬೇಡಿ. ಮೂರೂ ಕೊಟೇಶನ್ ಫೋಟೋ ದೊಡ್ಡದು ಮಾಡಿ ಓದಿದೆ. ಜಾಗ ಒಂದೇ, ಆದರೆ ಮೂವರೂ ಬೆಲೆ ಹೇಳಿರೋದು ಬೇರೆ ಬೇರೆ ಕೆಲಸಕ್ಕೆ.

4.10 ಲಕ್ಷದವರ ಹಾಳೆಯ ಕೆಳಗೆ ಸಣ್ಣದಾಗಿ "ಜಿಎಸ್‌ಟಿ ಪ್ರತ್ಯೇಕ" ಅಂತಿದೆ, ನೋಡಿದಿರಾ? 18 ಪರ್ಸೆಂಟ್ ಅಂದರೆ 73,800. ಅಲ್ಲಿಗೆ 4,83,800 ಆಯಿತು. ಅವರ ಪಟ್ಟಿಯಲ್ಲಿ ವೈರಿಂಗ್ ಇಲ್ಲವೇ ಇಲ್ಲ. ಅದಕ್ಕೆ ಎರಡನೆಯವರು ತೆರಿಗೆ ಸೇರಿ 95,000 ಹಾಕಿದ್ದಾರೆ. ಹಳೇ ನೆಲ ಒಡೆದು ಡೆಬ್ರಿಸ್ ಸಾಗಿಸೋದೂ ಇಲ್ಲ, ಅದಕ್ಕೆ ಮೂರನೆಯವರು 30,000 ಬರೆದಿದ್ದಾರೆ. ಎರಡನ್ನೂ ಸೇರಿಸಿದರೆ 6,08,800.

5.85 ಲಕ್ಷದವರದ್ದು ತೆರಿಗೆ ಸೇರಿದ ರೇಟು, ವೈರಿಂಗ್ ಇದೆ, ನೆಲ ಒಡೆಯೋದೂ ಇದೆ. ಆದರೆ ಟೈಲ್ಸ್‌ಗೆ ಚದರಡಿಗೆ 45 ರೂಪಾಯಿ ಹಿಡಿದಿದ್ದಾರೆ. ಉಳಿದಿಬ್ಬರು ಹಿಡಿದಿರೋದು 70. ನೆಲ 600 ಚದರಡಿ, ಕಟಿಂಗ್‌ನಲ್ಲಿ ಹೋಗೋದಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 660. ವ್ಯತ್ಯಾಸದ 25 ರೂಪಾಯಿ ಲೆಕ್ಕದಲ್ಲಿ 16,500. ಒಟ್ಟು 6,01,500.

7.40 ಲಕ್ಷದವರು ಮೇಜು ಕುರ್ಚಿಗೇ 1,10,000 ಸೇರಿಸಿದ್ದಾರೆ. ಬೇರೆ ಯಾರೂ ಸೇರಿಸಿಲ್ಲ. ಅದು ಬಿಟ್ಟರೆ 6,30,000.

3.30 ಲಕ್ಷದಷ್ಟು ಕಂಡ ವ್ಯತ್ಯಾಸ 28,500ಕ್ಕೆ ಇಳಿಯಿತು. ಕಡಿಮೆ ಅಂತ ಕಂಡವರು ಕಡಿಮೆ ಅಲ್ಲ. ಇದು ಅಂದಾಜಿನ ಲೆಕ್ಕ ಅಷ್ಟೇ, ಇದನ್ನೇ ನಂಬಿ ಕೆಲಸ ಕೊಡಬೇಡಿ. ಒಬ್ಬರು ಬಿಟ್ಟಿದ್ದಕ್ಕೆ ಇನ್ನೊಬ್ಬರ ರೇಟು ತಂದು ತುಂಬಿಸಿದ್ದೇನೆ, ಅವರ ಸ್ವಂತ ರೇಟು ಬೇರೆ ಇರಬಹುದು.

ಇದಕ್ಕೆ ಪರಿಹಾರ ಅಂದರೆ ಕೆಲಸದ ಪಟ್ಟಿ ನೀವೇ ಬರೆಯಬೇಕು. ಒಂದೊಂದು ಸಾಲಿಗೆ ಕೆಲಸದ ವಿವರ, ಅಳತೆ, ಎಷ್ಟು ಅನ್ನೋದು ನೀವು ತುಂಬಿಸಿ. ರೇಟು ಮತ್ತು ಮೊತ್ತದ ಕಾಲಂ ಖಾಲಿ ಬಿಟ್ಟು ಮೂವರಿಗೂ ಅದೇ ಹಾಳೆ ಕೊಡಿ. ಅಳತೆ ಕಷ್ಟ ಏನಿಲ್ಲ. ನಿಮ್ಮ ಹಾಲ್ ಸುತ್ತಳತೆ 100 ಅಡಿ, ಎತ್ತರ 10 ಅಡಿ ಅಂದಿದ್ದೀರಿ, ಗೋಡೆ 1,000 ಚದರಡಿ. ಎರಡು ಬಾಗಿಲು, ನಾಲ್ಕು ಕಿಟಕಿಗೆ ಸುಮಾರು 113 ಹೋಗುತ್ತದೆ. ಉಳಿಯೋದು 887, ಮೇಲೆ ತಾರಸಿಯ 600. ನೆಲದ ಅಳತೆಯನ್ನು ಮೂರೂವರೆಯಿಂದ ಗುಣಿಸಿ ಪೇಂಟ್ ಲೆಕ್ಕ ಹಾಕೋರು ಬಹಳ ಜನ ಇದ್ದಾರೆ. ಒಳಗೆ ಗೋಡೆಗಳಿರೋ ಮನೆಗೆ ಅದು ಸುಮಾರಾಗಿ ಹೊಂದುತ್ತದೆ. ನಿಮ್ಮ ಖಾಲಿ ಹಾಲ್‌ಗೆ 2,100 ಆಗಿಬಿಡುತ್ತದೆ, ಇರೋದು 1,487.

ಮೇಲಿನ ಕಾಮೆಂಟಿನಲ್ಲಿ ಒಬ್ಬರು "ಚದರಡಿಗೆ ಇಷ್ಟು ಅಂತ ಕೇಳಿ, ಮುಗೀತು" ಅಂದಿದ್ದಾರೆ. ಹೊಸ ಮನೆಗೆ ಅಷ್ಟು ಸಾಕಾಗಬಹುದು. ಹಳೇ ಕಟ್ಟಡದಲ್ಲಿ ಕೆರೆಯೋದು, ಒಡೆಯೋದು, ಸಾಗಿಸೋದರ ಖರ್ಚೂ ಇರುತ್ತದೆ. ಚದರಡಿ ರೇಟಿನಲ್ಲಿ ಅದು ಸೇರಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಪಿಡಬ್ಲ್ಯುಡಿಯಲ್ಲಿದ್ದ ಹಿರಿಯರೊಬ್ಬರು ಎಸ್‌ಆರ್, ಅಂದರೆ ಸರ್ಕಾರಿ ದರಪಟ್ಟಿ ಪುಸ್ತಕದ ವಿವರಣೆಯನ್ನೇ ಹಾಕಿ ಅಂತ ಹೇಳಿದ್ದು ಸರಿಯಾದ ಮಾತು. ಒಂದು ಮಾತೂ ಬಿಟ್ಟುಹೋಗದ ಹಾಗೆ ಬರೆದಿರುತ್ತಾರೆ. ಆದರೆ ನಮ್ಮ ಕಡೆಯ ಮೇಸ್ತ್ರಿಗಳು ಆ ಉದ್ದದ ಇಂಗ್ಲಿಷ್ ಸಾಲು ಓದದೆ ಸುಮ್ನೆ ಒಂದು ರೇಟು ಬರೆದು ಕೊಡುತ್ತಾರೆ. ಅದರ ವಿಷಯ ತಗೊಂಡು ಕನ್ನಡದಲ್ಲಿ ಬರೆಯಿರಿ ಅಂತೀನಿ. ಹಿರಿಯರು ಒಪ್ಪದೇ ಇರಬಹುದು.

ವಿವರ ಹೇಗೆ ಬರೆಯಬೇಕು ಅನ್ನೋದಕ್ಕೆ ನಮ್ಮದೇ ಅನುಭವ ಹೇಳುತ್ತೇನೆ. ನಮ್ಮ ಸಂಘದ ಆಫೀಸಿಗೆ "ಗೋಡೆಗೆ ಪುಟ್ಟಿ, ಪೇಂಟ್" ಅಂತ ಮೂರೇ ಪದ ಬರೆದಿದ್ದೆವು. ಹಿಂದೆ ಸುಣ್ಣ ಹೊಡೆದಿದ್ದ ಗೋಡೆ. ಕೆಲಸದವರು ಅದರ ಮೇಲೇ ಪುಟ್ಟಿ ಎಳೆದರು. ಮೊದಲ ಮಳೆಗಾಲದಲ್ಲೇ ಪುಟ್ಟಿ ಹಪ್ಪಳದ ಹಾಗೆ ಎದ್ದಿತು. ಒಂದು ಚೂರು ತೆಗೆದು ತಿರುಗಿಸಿ ನೋಡಿದರೆ ಬೆನ್ನಿಗೆ ಬಿಳೀ ಸುಣ್ಣದ ಪುಡಿ. ಗೋಡೆಯನ್ನು ಅದು ಹಿಡಿದೇ ಇರಲಿಲ್ಲ. ಕೇಳಿದರೆ, "ಕೆರೆಯಬೇಕು ಅಂತ ನೀವು ಬರೆದಿರಲಿಲ್ಲವಲ್ಲ" ಅಂದರು. ಬರೆದಿರಲಿಲ್ಲ, ನಿಜ.

ನಿಮ್ಮ ಗೋಡೆಯನ್ನೂ ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಅಂಟಿದರೆ ಹೀಗೆ ಬರೆಯಿರಿ: "ಹಳೇ ಸುಣ್ಣ ಪ್ಲಾಸ್ಟರ್ ಕಾಣುವವರೆಗೆ ಕೆರೆದು, ತೊಳೆದು, ಎರಡು ಕೋಟ್ ವೈಟ್ ಸಿಮೆಂಟ್ ಪುಟ್ಟಿ, ಎಮರಿ ಉಜ್ಜಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಮಲ್ಷನ್. ಸಾರ್ವೆ, ನೆಲಕ್ಕೆ ಹೊದಿಕೆ, ಕಸ ಸಾಗಿಸೋದು ಎಲ್ಲ ಸೇರಿ. ಬಾಗಿಲು ಕಿಟಕಿ ಕಳೆದು ಅಳತೆ." ನಿಮ್ಮ ಮೂವರಲ್ಲಿ ಒಬ್ಬರೂ ಕೆರೆಯೋದು ಬರೆದಿಲ್ಲ.

ನೆಲಕ್ಕೂ ಹಾಗೇ. ಹಳೇ ರೆಡ್ ಆಕ್ಸೈಡ್ ನೆಲ ಒಡೆದು ಟೈಲ್ಸ್ ಹಾಕಬೇಕಾ, ಅದರ ಮೇಲೇ ಹಾಕಬೇಕಾ ಅನ್ನೋದನ್ನು ಮೊದಲು ನೀವು ತೀರ್ಮಾನ ಮಾಡಿ. ಮೇಲೇ ಹಾಕಿದರೆ ಟೈಲ್ಸ್ ಗಮ್‌ನಲ್ಲೂ ನೆಲ ಅರ್ಧ ಇಂಚು ಏರುತ್ತದೆ, ಗಾರೆ ಹಾಕಿದರೆ ಒಂದೂವರೆ ಎರಡು ಇಂಚು. ಆಗ ಬಾಗಿಲು ತಳ ಕತ್ತರಿಸಬೇಕು, ಅದನ್ನೂ ಬರೆಯಬೇಕು. ಟೈಲ್ಸ್ ಇನ್ನೂ ಆರಿಸಿಲ್ಲ ಅಂದರೆ "ಅಂಗಡಿ ಬೆಲೆ ತೆರಿಗೆ ಸೇರಿ ಚದರಡಿಗೆ 70 ರೂಪಾಯಿ ಹಿಡಿದು ರೇಟು ಕೊಡಿ, ಬೆಲೆ ಹೆಚ್ಚು ಕಡಿಮೆ ಆದರೆ ಆ ವ್ಯತ್ಯಾಸ ಮಾತ್ರ ಲೆಕ್ಕ" ಅಂತ ಹಾಕಿ. ವೈರಿಂಗ್‌ಗೆ ಪಾಯಿಂಟ್ ಎಣಿಸಿ. ಲೈಟು ಫ್ಯಾನಿನ ಪಾಯಿಂಟ್, ಕಂಪ್ಯೂಟರ್ ಪ್ಲಗ್, ಎಸಿ ಲೈನ್ ಬೇರೆ ಬೇರೆ ಸಾಲಿನಲ್ಲಿರಲಿ. ಸ್ವಿಚ್ ಬೋರ್ಡು ಪಾಯಿಂಟ್ ರೇಟಿನಲ್ಲೇ ಸೇರಿದೆ ಅಂತ ಬರೆಯದೆ ಬಿಡಬೇಡಿ. ಲೈಟು ಫ್ಯಾನು ನೀವೇ ತರೋದಾದರೆ ಅದನ್ನೂ ಬರೆಯಿರಿ.

ಕೊನೆಯ ಸಾಲುಗಳು ಜಿಎಸ್‌ಟಿ, ಕೆಲಸಕ್ಕೆ ನೀರು ಕರೆಂಟ್ ಯಾರದ್ದು, ಡೆಬ್ರಿಸ್ ಎಲ್ಲಿಗೆ, ಎಷ್ಟು ದಿನ. ಮೇಜು ಕುರ್ಚಿಗೆ ಬೇರೆ ಹಾಳೆ ಮಾಡಿ, ಇದರಲ್ಲಿ ಬೆರೆಸಬೇಡಿ.

ಹಾಳೆ ಕೊಟ್ಟ ಮೇಲೆ ಮೂವರನ್ನೂ ಒಂದೇ ದಿನ ಜಾಗಕ್ಕೆ ಕರೆಸಿ. ಒಬ್ಬರು ಕೇಳಿದ ಪ್ರಶ್ನೆಯ ಉತ್ತರ ಮೂವರಿಗೂ ವಾಟ್ಸಾಪ್‌ನಲ್ಲಿ ಹೋಗಲಿ. ಒಬ್ಬರಿಗೆ ಮಾತ್ರ "ಆ ಗೋಡೆ ಬಿಟ್ಟುಬಿಡಿ" ಅಂದರೆ ಮತ್ತೆ ಮೊದಲಿನ ಕಥೆಯೇ. ಹೊಸ ಯೋಚನೆ ಇದ್ದರೆ ಹಾಳೆಯ ರೇಟು ತುಂಬಿದ ಮೇಲೆ ಬೇರೆಯಾಗಿ ಬರೆದುಕೊಡಲಿ. ನಮಗೆ ಒಬ್ಬರು ಹಾಗೆ ಒಳ್ಳೇ ಸಲಹೆಯನ್ನೇ ಕೊಟ್ಟಿದ್ದರು.

ಲೇಬರ್ ಮಾತ್ರ ಕೊಟ್ಟು ಸಾಮಾನು ತಾವೇ ತರೋದು ಅಗ್ಗ ಅಂತ ಕಾಮೆಂಟಿನಲ್ಲಿ ಅಕ್ಕ ಒಬ್ಬರು ಹೇಳಿದ್ದಾರೆ. ದಿನಾ ಅಲ್ಲಿ ನಿಲ್ಲೋರು ಇದ್ದರೆ ಇರಬಹುದು. ನಮ್ಮಲ್ಲಿ ಯಾರೂ ಇರಲಿಲ್ಲ, ಹಾಗಾಗಿ ನಾನು ಮಾಡಿ ನೋಡಿಲ್ಲ.

ನಿಮ್ಮ ಹಾಲ್‌ನ ಫೋಟೋದಲ್ಲಿ ಹಿಂದಿನ ಗೋಡೆಯ ಮೇಲೆ ಒದ್ದೆ ಕಲೆ ಇದೆ. ಅಲ್ಲಿ ಪ್ಲಾಸ್ಟರ್ ಎಷ್ಟು ಹೋಗಿದೆ ಅನ್ನೋದು ತಟ್ಟಿ, ಒಡೆದು ನೋಡಿದ ಮೇಲೇ ಗೊತ್ತಾಗೋದು. ಸದ್ಯಕ್ಕೆ 100 ಚದರಡಿ ಅಂತ ಹಾಕಿ, "ಆದಷ್ಟಕ್ಕೆ ಅಳೆದು ಬಿಲ್" ಅಂತ ಬರೆದು ರೇಟು ತಗೊಳ್ಳಿ. ಆ ಕಲೆ ನೆಲದಿಂದ ಮೇಲಕ್ಕೆ ಏರಿದೆಯಾ, ತಾರಸಿಯಿಂದ ಇಳಿದಿದೆಯಾ? ಹತ್ತಿರದ ಫೋಟೋ ಒಂದು ಹಾಕಿ. ತಾರಸಿಯದ್ದಾದರೆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು.